ಮ್ಯಾನೇಜರ್ ಬಾಯೇ ಬಿಡಲ್ಲ ಅಂದ್ರೆ ನಮ್ಮ ಕೆಲಸ ಹೇಗಿದೆ ಅಂತ ತಿಳಿಯೋದು ಹೇಗೆ?

ಕೆಲಸ ಮಾಡಿ ಕಳಿಸುತ್ತೀರಿ. ಆ ಕಡೆಯಿಂದ ‘ಓಕೆ’ ಅಂತ ಒಂದು ಮೆಸೇಜ್ ಬರುತ್ತದೆ, ಎಷ್ಟೋ ಸಲ ಅದೂ ಇಲ್ಲ. ಹೊಗಳೋದಿಲ್ಲ, ಬೈಯೋದೂ ಇಲ್ಲ. ಹೀಗೇ ಎಂಟು ಹತ್ತು ತಿಂಗಳು ಕಳೆದು ಅಪ್ರೈಸಲ್ ಫಾರ್ಮ್ ತೆರೆದಾಗ, ಸೆಲ್ಫ್ ರೇಟಿಂಗ್ ಕಾಲಮ್ಮಿನ ಮುಂದೆ ಕೈ ನಿಂತುಬಿಡುತ್ತದೆ. ನಾಲ್ಕು ಹಾಕಬೇಕಾ, ಮೂರು ಹಾಕಬೇಕಾ? ಯಾವುದಕ್ಕೂ ಆಧಾರವೇ ಇಲ್ಲ.

ಈ ಪರಿಸ್ಥಿತಿಯಲ್ಲಿ ಸುಮ್ನೆ ಕೂತು ಕಾಯೋದು ಬೇಡ, ಮ್ಯಾನೇಜರ್ ಬದಲಾಗೋದೂ ಬೇಡ. ಅವರ ಹತ್ತಿರ ಇರುವ ಅಭಿಪ್ರಾಯವನ್ನು ಸಣ್ಣ ಸಣ್ಣ ತುಂಡುಗಳಾಗಿ ಹೊರಗೆ ತರುವ ದಾರಿ ಇದೆ. ನಾನು ಟೀಮ್ ಲೀಡ್ ಆಗಿ ಮೇಜಿನ ಆ ಕಡೆಯೂ ಕೂತಿದ್ದೇನೆ, ಈ ಕಡೆಯೂ ಕೂತಿದ್ದೇನೆ. ಎರಡೂ ಕಡೆಯಿಂದ ನೋಡಿ ಕೆಲಸಕ್ಕೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ, ಆಗ ಸುಲಭ. ಹುಬ್ಬಳ್ಳಿ ಕಡೆಯ ಒಬ್ಬಳು ಹುಡುಗಿ ಅಂದುಕೊಳ್ಳಿ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸರ್ವಿಸ್ ಕಂಪನಿಯಲ್ಲಿ, ಬ್ಯಾಂಕ್ ಕ್ಲೈಂಟ್ ಒಬ್ಬರ ಅಪ್ಲಿಕೇಶನ್ ಸಪೋರ್ಟ್ ಟೀಮಿನಲ್ಲಿದ್ದಾಳೆ. ತೊಂದರೆ ಇದೆ ಅಂತ ಟಿಕೆಟ್ ಬಂದರೆ ನೋಡಬೇಕು, ಸರಿಮಾಡಿ ಕ್ಲೋಸ್ ಮಾಡಬೇಕು. ದೊಡ್ಡ ತೊಂದರೆ ಆದರೆ ಅದು ಯಾಕಾಯಿತು ಅಂತ ವಿವರಿಸುವ ವರದಿ, ಅಂದರೆ ಆರ್‌ಸಿಎ ಬರೆಯಬೇಕು. ಸೇರಿ ಏಳು ತಿಂಗಳಾಗಿದೆ. ಮ್ಯಾನೇಜರ್ ಕೆಳಗೆ ಹದಿಮೂರು ಜನ. ಅವರು ಇವಳ ಕೆಲಸದ ಬಗ್ಗೆ ಇದುವರೆಗೆ ಒಂದು ಮಾತು ಆಡಿಲ್ಲ.

ಮೊದಲು: ಮೌನಕ್ಕೆ ಅರ್ಥ ಕಟ್ಟೋದನ್ನು ನಿಲ್ಲಿಸಿ

ಏನೂ ಹೇಳದಿದ್ದರೆ ನಮ್ಮ ತಲೆ ತಾನೇ ಕಥೆ ಕಟ್ಟುತ್ತದೆ. ಮೀಟಿಂಗ್‌ನಲ್ಲಿ ನನ್ನ ಕಡೆ ನೋಡಲಿಲ್ಲ, ಪಕ್ಕದವನಿಗೆ ಊಟಕ್ಕೆ ಕರೆದರು, ನನಗೆ ಬರೀ ‘ಓಕೆ’, ಅವನಿಗೆ ‘ಥ್ಯಾಂಕ್ಸ್’. ಇವು ಯಾವುದೂ ನಿಮ್ಮ ಕೆಲಸದ ಬಗ್ಗೆ ಏನೂ ಹೇಳುವುದಿಲ್ಲ. ಅವರ ಮೂಡ್ ಬಗ್ಗೆ ಹೇಳಬಹುದು, ಅಷ್ಟೇ.

ಮ್ಯಾನೇಜರ್ ಸುಮ್ಮನಿರೋದಕ್ಕೆ ಕಾರಣಗಳು ಬೇರೆಯೇ ಇರುತ್ತವೆ. ಕೆಟ್ಟ ಸುದ್ದಿಯನ್ನು ಅದು ಯಾರಿಗೆ ಸಂಬಂಧಿಸಿದೆಯೋ ಅವರಿಗೇ ಹೇಳೋಕೆ ಜನ ಹಿಂದೆಮುಂದೆ ನೋಡುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಸೆನ್ ಮತ್ತು ಟೆಸ್ಸರ್ 1970ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿ ‘ಮಮ್ ಎಫೆಕ್ಟ್’ ಅಂತ ಹೆಸರಿಟ್ಟರು. ಹಾಗಾಗಿ ಸಣ್ಣ ತಪ್ಪಿದ್ದರೆ ಎಷ್ಟೋ ಮ್ಯಾನೇಜರ್‌ಗಳು ನಿಮಗೆ ಹೇಳುವ ಬದಲು ತಾವೇ ತಿದ್ದಿ ಮುಂದಕ್ಕೆ ಕಳಿಸಿಬಿಡುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನೋಕೇನು ಕಷ್ಟ ಅಂತ ಕೇಳಬಹುದು. ಕಷ್ಟ ಇದೆ. ನಮ್ಮ ಎಷ್ಟೋ ಕಂಪನಿಗಳಲ್ಲಿ ಕೊನೆಯ ರೇಟಿಂಗ್ ನಿಮ್ಮ ಮ್ಯಾನೇಜರ್ ಒಬ್ಬರ ಕೈಯಲ್ಲಿ ಇರುವುದಿಲ್ಲ. ಅವರು ಕೊಟ್ಟದ್ದನ್ನು ಮೇಲಿನವರು ಬೇರೆ ಟೀಮ್‌ಗಳ ಜೊತೆ ಇಟ್ಟು ನೋಡುತ್ತಾರೆ. ಮೇಲಿನ ರೇಟಿಂಗ್ ಇಷ್ಟೇ ಜನಕ್ಕೆ ಅಂತ ಒಂದು ಮಿತಿ ಇದ್ದರೆ ಕೆಲವರದ್ದು ಕೆಳಗಿಳಿಯುತ್ತದೆ. ಇದಕ್ಕೆ ನಾರ್ಮಲೈಸೇಷನ್ ಅನ್ನುತ್ತಾರೆ. ಅಕ್ಟೋಬರ್‌ನಲ್ಲಿ ‘ತುಂಬಾ ಚೆನ್ನಾಗಿ ಮಾಡ್ತಿದ್ದೀಯಮ್ಮ’ ಅಂದು ಏಪ್ರಿಲ್‌ನಲ್ಲಿ ಮೂರು ಕೊಡಬೇಕಾಗಿ ಬಂದರೆ, ಆ ಮಾತನ್ನೇ ಹಿಡಿದು ನೀವು ಕೇಳುತ್ತೀರಿ ಅಲ್ವಾ? ಅದಕ್ಕೆ ಹೆದರಿ ಬಾಯಿಬಿಡದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊಗಳಿಕೆ ಅವರಿಗೆ ಮಾತು ಕೊಟ್ಟ ಹಾಗೆ ಕಾಣುತ್ತದೆ.

ಆದ್ದರಿಂದ ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಒಂದನ್ನು ಇಟ್ಟುಕೊಳ್ಳಿ. ಕೆಲಸದ ಬಗ್ಗೆ ಕೇಳುವ ಪ್ರಶ್ನೆ ಬೇರೆ, ರೇಟಿಂಗ್ ಬಗ್ಗೆ ಕೇಳುವ ಪ್ರಶ್ನೆ ಬೇರೆ. ಎರಡನ್ನೂ ಒಂದೇ ದಿನ, ಒಂದೇ ಮೀಟಿಂಗ್‌ನಲ್ಲಿ ಕೇಳಬೇಡಿ.

ಎರಡನೆಯದು: ಅವರು ಬಿಟ್ಟುಹೋದ ಗುರುತು ಹುಡುಕಿ

ಬಾಯಲ್ಲಿ ಹೇಳದಿದ್ದರೂ ಕೈಯಲ್ಲಿ ಹೇಳಿರುತ್ತಾರೆ. ನೀವು ಕೊಟ್ಟ ಕೆಲಸವನ್ನು ಅವರು ಏನು ಮಾಡಿದರು ಅನ್ನೋದನ್ನು ನೋಡಬೇಕು.

ಎಲ್ಲಕ್ಕಿಂತ ಒಳ್ಳೆಯ ಗುರುತು, ನೀವು ಕಳಿಸಿದ ಪ್ರತಿ ಮತ್ತು ಅವರು ಮುಂದಕ್ಕೆ ಕಳಿಸಿದ ಪ್ರತಿ, ಇವೆರಡರ ನಡುವಿನ ವ್ಯತ್ಯಾಸ. ರಿಪೋರ್ಟ್ ಇರಲಿ, ಪ್ರೆಸೆಂಟೇಷನ್ ಇರಲಿ, ಕ್ಲೈಂಟ್‌ಗೆ ಹೋಗುವ ಮೇಲ್ ಇರಲಿ, ನಿಮ್ಮನ್ನು ಸಿಸಿಯಲ್ಲಿ ಇಟ್ಟಿದ್ದರೆ ಕೊನೆಯ ಪ್ರತಿ ನಿಮ್ಮ ಇನ್‌ಬಾಕ್ಸ್‌ನಲ್ಲೇ ಬಿದ್ದಿರುತ್ತದೆ. ಟೀಮಿನ ಶೇರ್ಡ್ ಫೋಲ್ಡರ್‌ನಲ್ಲೂ ಸಿಗಬಹುದು. ವರ್ಡ್ ಫೈಲ್ ಆದರೆ ಕಣ್ಣಲ್ಲಿ ಹುಡುಕುತ್ತಾ ಕೂರಬೇಡಿ. ವರ್ಡ್ ತೆರೆದು Review ಟ್ಯಾಬ್‌ನಲ್ಲಿ Compare ಒತ್ತಿ ಎರಡೂ ಫೈಲ್ ಕೊಟ್ಟರೆ, ಏನು ಸೇರಿಸಿದರು ಏನು ತೆಗೆದರು ಅಂತ ಬಣ್ಣದಲ್ಲಿ ತೋರಿಸುತ್ತದೆ. ಕೋಡ್ ಬರೆಯುವವರಿಗೆ ಪುಲ್ ರಿಕ್ವೆಸ್ಟ್‌ನ ಕಾಮೆಂಟ್ ಮತ್ತು ಆಮೇಲೆ ಬೇರೆಯವರು ಮಾಡಿದ ಕಮಿಟ್ ನೋಡಿದರೆ ಇದೇ ಸಿಗುತ್ತದೆ.

ನಮ್ಮ ಹುಡುಗಿಯದ್ದನ್ನೇ ನೋಡೋಣ. ಒಂದು ರಾತ್ರಿ ಎರಡು ಗಂಟೆಗೆ, ತಾನಾಗಿ ಓಡಿ ರಿಪೋರ್ಟ್ ತಯಾರಿಸುವ ಬ್ಯಾಚ್ ಜಾಬ್ ಫೇಲ್ ಆಯಿತು, ಬೆಳಿಗ್ಗೆ ಬ್ಯಾಂಕಿನ ಶಾಖೆಗಳಿಗೆ ರಿಪೋರ್ಟ್ ತಡವಾಗಿ ಹೋಯಿತು. ಅವಳು ಎರಡು ಪುಟದ ಆರ್‌ಸಿಎ ಬರೆದು ಮ್ಯಾನೇಜರ್‌ಗೆ ಕಳಿಸಿದಳು. ಉತ್ತರ ಬರಲಿಲ್ಲ. ಮಾರನೆಯ ದಿನ ಅದು ಕ್ಲೈಂಟ್‌ಗೆ ಹೋಯಿತು, ಅವಳು ಸಿಸಿಯಲ್ಲಿದ್ದಳು. ಎರಡನ್ನೂ ಹೋಲಿಸಿದಾಗ ಮೂರು ಬದಲಾವಣೆ ಕಂಡವು. ಅವಳು ಶುರುವಿನಲ್ಲೇ ಲಾಗ್ ಸಾಲುಗಳನ್ನು ಹಾಕಿದ್ದಳು, ಮ್ಯಾನೇಜರ್ ಅದನ್ನು ಕಿತ್ತು ಅಟ್ಯಾಚ್‌ಮೆಂಟ್ ಮಾಡಿದ್ದರು. ಏನಾಯಿತು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾರಿಗೆ ತೊಂದರೆ ಆಯಿತು ಅನ್ನುವ ಮೂರು ಸಾಲು ಅವಳ ಎರಡನೇ ಪುಟದಲ್ಲಿತ್ತು, ಅದು ತಲೆಯ ಮೇಲೆ ಬಂದಿತ್ತು. ಮೂರನೆಯದು, ‘ಬಹುಶಃ ನೆಟ್‌ವರ್ಕ್ ತೊಂದರೆಯೂ ಇದ್ದಿರಬಹುದು’ ಅಂತ ಅವಳು ಬರೆದಿದ್ದ ಸಾಲು ಮಾಯವಾಗಿತ್ತು.

ನೋಡಿ, ಇದು ಪೂರ್ತಿ ಫೀಡ್‌ಬ್ಯಾಕ್. ಕ್ಲೈಂಟ್‌ಗೆ ಮೊದಲು ಪರಿಣಾಮ ಹೇಳು, ಲಾಗ್ ಆಮೇಲೆ, ಖಾತ್ರಿ ಇಲ್ಲದ ಊಹೆ ಬರೆಯಲೇಬೇಡ. ಅದರ ಜೊತೆಗೆ ಇನ್ನೊಂದು ಮಾತೂ ಇದೆ, ಇದನ್ನು ಜನ ಗಮನಿಸೋದೇ ಇಲ್ಲ. ಕಾರಣ ಹುಡುಕಿದ ಭಾಗ, ಮುಂದೆ ಹೀಗಾಗದಂತೆ ಏನು ಮಾಡಬೇಕು ಅನ್ನುವ ಭಾಗ, ಇವೆರಡನ್ನೂ ಅವರು ಮುಟ್ಟಿಲ್ಲ. ಅಂದರೆ ತಾಂತ್ರಿಕ ಕೆಲಸ ಒಪ್ಪಿಗೆಯಾಗಿದೆ, ಬರೆಯುವ ರೀತಿ ಒಪ್ಪಿಗೆಯಾಗಿಲ್ಲ. ಏಳು ತಿಂಗಳಲ್ಲಿ ಸಿಗದ ಉತ್ತರ ಹತ್ತು ನಿಮಿಷದಲ್ಲಿ ಅರ್ಧ ಸಿಕ್ಕಿತು.

ಎರಡನೇ ಗುರುತು, ವಾಪಸ್ ಬಂದ ಕೆಲಸ. ಟಿಕೆಟ್ ಟೂಲ್‌ನಲ್ಲಿ ನೀವು ಕ್ಲೋಸ್ ಮಾಡಿದ್ದರಲ್ಲಿ ರೀಓಪನ್ ಆದದ್ದು ಎಷ್ಟು ಅಂತ ಫಿಲ್ಟರ್ ಹಾಕಿ ನೋಡಿ. ಅವಳು ಒಂದು ತಿಂಗಳಲ್ಲಿ 34 ಕ್ಲೋಸ್ ಮಾಡಿದ್ದಳು, ಐದು ವಾಪಸ್ ಬಂದಿದ್ದವು. ಸಂಖ್ಯೆ ನೋಡಿ ಗಾಬರಿಯಾಗುವುದೂ ಬೇಡ, ಖುಷಿಪಡುವುದೂ ಬೇಡ, ಆ ಐದನ್ನೂ ಒಂದೊಂದಾಗಿ ತೆರೆದು ಓದಿ. ಅವಳದ್ದರಲ್ಲಿ ನಾಲ್ಕು ಒಂದೇ ಜಾತಿಯವು. ಹೊರಗಿನಿಂದ ಬರಬೇಕಾದ ಫೈಲ್ ಬಂದಿರಲಿಲ್ಲ, ಅವಳು ಜಾಬ್ ಮತ್ತೆ ಓಡಿಸಿ ಕ್ಲೋಸ್ ಮಾಡಿದ್ದಳು, ಮಾರನೇ ದಿನ ಅದೇ ಕಥೆ. ಅಂದರೆ ಎಲ್ಲ ಟಿಕೆಟ್‌ನಲ್ಲೂ ಅವಳು ಹಿಂದೆ ಅಂತಲ್ಲ, ಒಂದು ಬಗೆಯ ಟಿಕೆಟ್‌ನಲ್ಲಿ ಮೂಲದ ತನಕ ಹೋಗುತ್ತಿಲ್ಲ.

ಮೂರನೆಯದು, ನಿಮ್ಮ ಕಡೆ ಯಾವ ಕೆಲಸ ತಿರುಗುತ್ತಿದೆ ಅನ್ನೋದು. ಮೂರು ತಿಂಗಳ ಹಿಂದಿನದ್ದಕ್ಕಿಂತ ಈಗಿನದ್ದು ಕಷ್ಟದ್ದಾ, ಸುಲಭದ್ದಾ? ಬೆಂಕಿ ಬಿದ್ದಾಗ ಯಾರಿಗೆ ಫೋನ್ ಬರುತ್ತದೆ? ಇದು ಸ್ವಲ್ಪ ಜೋಪಾನವಾಗಿ ಓದಬೇಕಾದ ಗುರುತು. ಕೆಲಸ ಜಾಸ್ತಿ ಬಂತು ಅಂದರೆ ನಂಬಿಕೆ ಜಾಸ್ತಿ ಅಂತಲೇ ಅಲ್ಲ, ಇಲ್ಲ ಅನ್ನದೆ ಮಾಡ್ತಾರೆ ಅಂತಲೂ ಆಗಿರಬಹುದು. ಕೆಲಸ ಯಾವ ಬಗೆಯದ್ದು ಅನ್ನೋದು ಮುಖ್ಯ. ಹಾಗೆಯೇ ಯಾರೂ ದೂರು ಹೇಳಿಲ್ಲ ಅನ್ನೋದನ್ನೂ ಒಳ್ಳೆಯ ಗುರುತು ಅಂತ ಹಿಡಿಯಬೇಡಿ. ಯಾರೂ ನೋಡಿಲ್ಲ ಅಂತಲೂ ಇರಬಹುದು.

ಈ ಗುರುತು ನೋಡುವುದರಲ್ಲೇ ನಿಂತರೆ ಮತ್ತೆ ಊಹೆಯೇ ಆಗುತ್ತದೆ. ಆಶ್‌ಫರ್ಡ್ ಮತ್ತು ಕಮಿಂಗ್ಸ್ ಅನ್ನುವ ಇಬ್ಬರು ಸಂಶೋಧಕರು 1983ರಲ್ಲಿ, ಕೆಲಸಗಾರರು ಫೀಡ್‌ಬ್ಯಾಕ್ ಹುಡುಕುವ ದಾರಿ ಎರಡು ಅಂತ ಬರೆದರು. ಸುತ್ತ ನೋಡಿ ತಿಳಿಯೋದು ಒಂದು, ಬಾಯಿಬಿಟ್ಟು ಕೇಳೋದು ಇನ್ನೊಂದು. ನೋಡೋದರಲ್ಲಿ ಮುಖ ಕೆಡುವ ಭಯ ಇಲ್ಲ, ಆದರೆ ತಪ್ಪಾಗಿ ಓದುವ ಸಾಧ್ಯತೆ ಜಾಸ್ತಿ. ಕೇಳಿದರೆ ಖಚಿತ ಉತ್ತರ ಸಿಗಬಹುದು, ಆದರೆ ಸಂಕೋಚ. ಹಾಗಾಗಿ ನೋಡಿದ್ದನ್ನು ಹಿಡಿದುಕೊಂಡೇ ಕೇಳಬೇಕು, ಆಗ ಸಂಕೋಚವೂ ಕಡಿಮೆ.

ಮೂರನೆಯದು: ಒಂದೇ ಒಂದು ಕೆಲಸದ ಬಗ್ಗೆ ಕೇಳಿ

‘ಸರ್, ನನ್ನ ಬಗ್ಗೆ ಏನಾದ್ರೂ ಫೀಡ್‌ಬ್ಯಾಕ್ ಇದ್ರೆ ಹೇಳಿ’ ಅಂತ ಕೇಳಿದರೆ ಬರುವ ಉತ್ತರ ನಿಮಗೆ ಗೊತ್ತೇ ಇದೆ. ‘ಎಲ್ಲಾ ಚೆನ್ನಾಗಿದೆ, ಹೀಗೇ ಮುಂದುವರಿಸು.’ ತಪ್ಪು ಅವರದ್ದು ಮಾತ್ರ ಅಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಅವರು ನಿಮ್ಮ ಏಳು ತಿಂಗಳನ್ನು ನಿಂತ ನಿಲುವಿನಲ್ಲಿ ನೆನಪಿಸಿಕೊಂಡು, ಅಳೆದು, ನಿಮಗೆ ನೋವಾಗದ ಮಾತಿನಲ್ಲಿ ಹೇಳಬೇಕು. ಹದಿಮೂರು ಜನ ಇರುವವರು ಅದನ್ನು ಮಾಡೋದಿಲ್ಲ.

ನಿಮ್ಮ ಪ್ರಶ್ನೆಗೆ ಅವರು ಎರಡು ನಿಮಿಷದಲ್ಲಿ, ಯೋಚನೆ ಇಲ್ಲದೆ ಉತ್ತರ ಕೊಡುವಂತೆ ಇರಬೇಕು. ಅದಕ್ಕೆ, ಈಗಷ್ಟೇ ಮುಗಿದ ಒಂದು ಕೆಲಸ ಆರಿಸಿಕೊಳ್ಳಿ. ಅದು ಅವರ ಕಣ್ಣಿಗೆ ಬಿದ್ದಿರಬೇಕು, ಎರಡು ಮೂರು ದಿನದ ಒಳಗಿನದ್ದಾಗಿರಬೇಕು. ವಾರ ಕಳೆದರೆ ಅವರಿಗೆ ನೆನಪಿರುವುದಿಲ್ಲ. ಮತ್ತೆ ಫೀಡ್‌ಬ್ಯಾಕ್ ಅನ್ನುವ ಪದವನ್ನೇ ಬಿಟ್ಟುಬಿಡಿ, ಸಲಹೆ ಕೇಳಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಸಂಶೋಧಕರು 2019ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಫೀಡ್‌ಬ್ಯಾಕ್ ಕೇಳಿದಾಗ ಜನ ಸವರಿಕೊಂಡು ಮೊಗಮ್ಮಾಗಿ ಹೇಳಿದರು, ಸಲಹೆ ಕೇಳಿದಾಗ ಏನು ಬದಲಾಯಿಸಬೇಕು ಅನ್ನೋದನ್ನು ಹೆಚ್ಚು ಬಿಡಿಸಿ ಹೇಳಿದರು. ಫೀಡ್‌ಬ್ಯಾಕ್ ಅಂದ ಕೂಡಲೇ ಮನಸ್ಸು ಆಗಿಹೋದದ್ದಕ್ಕೆ ಅಂಕ ಹಾಕೋಕೆ ಕೂರುತ್ತದೆ, ಸಲಹೆ ಅಂದರೆ ಮುಂದಿನ ಸಲದ ಕಡೆ ನೋಡುತ್ತದೆ.

ನಮ್ಮ ಹುಡುಗಿ ಕೇಳಬೇಕಾದದ್ದು ಹೀಗೆ:

‘ಸರ್, ಬ್ಯಾಚ್ ಜಾಬ್ ಆರ್‌ಸಿಎಯಲ್ಲಿ ನೀವು ಇಂಪ್ಯಾಕ್ಟ್ ಮೇಲೆ ತಂದು, ಲಾಗ್ ಅಟ್ಯಾಚ್ ಮಾಡಿದ್ದು ನೋಡಿದೆ. ಮುಂದಿನ ಸಲದಿಂದ ನಾನೇ ಹಾಗೆ ಬರೀತೀನಿ. ಅದು ಬಿಟ್ಟು ಇನ್ನೊಂದು ಬದಲಾಯಿಸಬೇಕು ಅಂದ್ರೆ ನೀವು ಯಾವುದನ್ನ ಬದಲಾಯಿಸ್ತಿದ್ರಿ?’

ಈ ಪ್ರಶ್ನೆಯಲ್ಲಿ ಏನೇನಿದೆ ನೋಡಿ. ತಿದ್ದಿದ್ದನ್ನು ನಾನು ನೋಡಿದ್ದೇನೆ, ಬೇಜಾರಾಗಿಲ್ಲ ಅಂತ ಅವರಿಗೆ ಗೊತ್ತಾಯಿತು. ಕೆಟ್ಟ ಸುದ್ದಿ ಹೇಳುವ ಹೊರೆ ಅವರ ತಲೆಯಿಂದ ಇಳಿಯಿತು. ಏನಾದರೂ ಇದೆಯಾ ಅಂತ ಕೇಳಿಲ್ಲ, ಹಾಗೆ ಕೇಳಿದ್ದರೆ ಇಲ್ಲ ಅಂದುಬಿಡಬಹುದಿತ್ತು. ಯಾವುದು ಅಂತ ಕೇಳಿದ್ದಾಳೆ, ಒಂದೇ ಒಂದು ಕೇಳಿದ್ದಾಳೆ. ಅವರು ಒಂದು ಹೇಳೇ ಹೇಳುತ್ತಾರೆ.

ಇಷ್ಟಾದರೂ ‘ಸರಿ ಇದೆ ಬಿಡು’ ಅಂದರೆ? ಆಗ ನನ್ನ ಹತ್ತಿರ ಇನ್ನೊಂದು ಪ್ರಶ್ನೆ ಇದೆ, ಇದನ್ನು ನಾನು ಎಲ್ಲಕ್ಕಿಂತ ಜಾಸ್ತಿ ನಂಬುತ್ತೇನೆ:

‘ಹಾಗಾದ್ರೆ ಮುಂದಿನ ಆರ್‌ಸಿಎ ನಾನೇ ನೇರವಾಗಿ ಕ್ಲೈಂಟ್‌ಗೆ ಕಳಿಸಲಾ ಸರ್, ನಿಮ್ಮನ್ನ ಸಿಸಿಯಲ್ಲಿ ಇಟ್ಟು?’

ಹೊಗಳಿಕೆಗೆ ಖರ್ಚಿಲ್ಲ, ಈ ಅನುಮತಿಗೆ ಖರ್ಚಿದೆ. ‘ಹೂಂ, ಕಳಿಸು’ ಅಂತ ತಕ್ಷಣ ಹೇಳಿದರೆ ಆ ಕೆಲಸದಲ್ಲಿ ನಿಮ್ಮ ಮೇಲೆ ನಂಬಿಕೆ ಇದೆ. ‘ಇನ್ನೊಂದೆರಡು ಸಲ ನನಗೆ ತೋರಿಸಿ ಕಳಿಸು’ ಅಂದರೆ ಅಲ್ಲೇ ಹಿಡಿಯಿರಿ. ‘ಸರಿ ಸರ್. ಆ ಎರಡು ಸಲದಲ್ಲಿ ನೀವು ಮುಖ್ಯವಾಗಿ ಏನು ನೋಡ್ತೀರಿ?’ ಅಂತ ಕೇಳಿ. ಈಗ ಅವರು ಹೇಳುವುದೇ ನಿಮಗೆ ಬೇಕಾಗಿದ್ದ ಫೀಡ್‌ಬ್ಯಾಕ್. ಕೋಡ್ ಬರೆಯುವವರು ಪ್ರೊಡಕ್ಷನ್ ರಿಲೀಸ್ ಬಗ್ಗೆ, ಅಕೌಂಟ್ಸ್‌ನವರು ತಿಂಗಳ ಕೊನೆಯ ರಿಪೋರ್ಟ್ ಬಗ್ಗೆ, ಡಿಸೈನ್ ಮಾಡುವವರು ಕ್ಲೈಂಟ್ ಕಾಲ್ ಬಗ್ಗೆ ಇದೇ ಪ್ರಶ್ನೆ ಕೇಳಬಹುದು. ನಿಮ್ಮ ಕೆಲಸದಲ್ಲಿ ಅವರು ಕೊನೆಗೆ ಒಮ್ಮೆ ಕಣ್ಣಾಡಿಸುವ ಜಾಗ ಯಾವುದು ಅಂತ ಯೋಚಿಸಿ, ಅದನ್ನು ಬಿಟ್ಟುಕೊಡಲು ಕೇಳಿ.

ಎಲ್ಲಿ ಕೇಳಬೇಕು ಅನ್ನೋದೂ ಮುಖ್ಯವೇ. ಬೆಳಗಿನ ಸ್ಟ್ಯಾಂಡಪ್‌ನಲ್ಲಿ ಬೇಡ, ಎಲ್ಲರ ಮುಂದೆ ಯಾರೂ ನಿಜ ಹೇಳಲ್ಲ. ಒನ್-ಆನ್-ಒನ್ ಇದ್ದರೆ ಅದರಲ್ಲಿ ಕೇಳಿ. ಇಲ್ಲದಿದ್ದರೆ ಮೀಟಿಂಗ್ ಮುಗಿದು ಎಲ್ಲರೂ ಹೊರಟಾಗ ಎರಡು ನಿಮಿಷ ನಿಂತರೂ ಸಾಕು. ವರ್ಕ್ ಫ್ರಮ್ ಹೋಮ್ ಆದರೆ ಪ್ರಶ್ನೆಯನ್ನು ಚಾಟ್‌ನಲ್ಲಿ ಮೊದಲೇ ಕಳಿಸಿ, ‘ಸಂಜೆ ಐದು ನಿಮಿಷ ಕಾಲ್ ಮಾಡಲಾ’ ಅಂತ ಸೇರಿಸಿ. ಕೆಲವರಿಗೆ ಮುಖ ನೋಡಿ ಹೇಳೋಕೆ ಕಷ್ಟ, ಚಾಟ್‌ನಲ್ಲೇ ನಾಲ್ಕು ಸಾಲು ಚೆನ್ನಾಗಿ ಬರೆದು ಕಳಿಸುತ್ತಾರೆ. ನಿಮ್ಮವರು ಯಾವ ಥರ ಅಂತ ಒಂದೆರಡು ಸಲದಲ್ಲಿ ಗೊತ್ತಾಗುತ್ತದೆ.

ಅವರು ಹೇಳುವಾಗ ವಾದ ಮಾಡಬೇಡಿ. ‘ಅದು ಟೈಮ್ ಇರಲಿಲ್ಲ ಸರ್, ನೈಟ್ ಶಿಫ್ಟ್‌ನವರು ಸರಿಯಾಗಿ ಹೇಳಿರಲಿಲ್ಲ’ ಅಂತ ನೀವು ಶುರುಮಾಡಿದ ಕ್ಷಣ ಅವರು ಮತ್ತೆ ಬಾಯಿ ಮುಚ್ಚುತ್ತಾರೆ, ಇನ್ನು ಆರು ತಿಂಗಳು ತೆರೆಯಲ್ಲ. ಅವರು ಹೇಳಿದ್ದು ತಪ್ಪು ಅಂತ ಅನ್ನಿಸಿದರೂ ಅವತ್ತು ಬರೆದುಕೊಳ್ಳಿ, ಅರ್ಥವಾಗದ್ದು ಮಾತ್ರ ಕೇಳಿ. ಎರಡು ದಿನ ಬಿಟ್ಟು ದಾಖಲೆ ಇಟ್ಟುಕೊಂಡು ಮಾತಾಡಬಹುದು.

ಇನ್ನೊಂದು ಮಾತು. ‘ನಾನು ಹೇಗಿದ್ದೀನಿ ಸರ್’ ಅನ್ನೋ ಪ್ರಶ್ನೆ ಮನಸ್ಸಿನಲ್ಲಿ ಎಷ್ಟೇ ಕುದಿಯುತ್ತಿದ್ದರೂ ಕೇಳೋದು ಕೆಲಸದ ಬಗ್ಗೆಯೇ ಇರಲಿ. ಕ್ಲೂಗರ್ ಮತ್ತು ಡಿನೀಸಿ 1996ರಲ್ಲಿ ಹಿಂದಿನ ಎಷ್ಟೋ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ, ಫೀಡ್‌ಬ್ಯಾಕ್‌ನಿಂದ ಒಟ್ಟಾರೆ ಲಾಭವೇ ಕಂಡಿತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಅದರಿಂದ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸದಿಂದ ವ್ಯಕ್ತಿಯ ಕಡೆ ತಿರುಗಿದಷ್ಟೂ ಉಪಯೋಗ ಕಡಿಮೆ ಅಂತ ಅವರು ವಿವರಿಸಿದರು. ‘ನೀನು ಜಾಣೆ’ ಅನ್ನುವ ಮಾತಿನಿಂದ ಸೋಮವಾರ ಬೆಳಿಗ್ಗೆ ಏನು ಬದಲಾಯಿಸಬೇಕು ಅಂತ ತಿಳಿಯೋದಿಲ್ಲ.

ನಾಲ್ಕನೆಯದು: ಬರೆದಿಡಿ, ಮಾಡಿ, ತೋರಿಸಿ

ಅವರು ಹೇಳಿದ್ದನ್ನು ಅದೇ ದಿನ ಒಂದು ಸಣ್ಣ ಮೇಲ್‌ನಲ್ಲಿ ಕಳಿಸಿ. ಆಫೀಸಿನಲ್ಲಿ ನೀವು ಯಾವ ಭಾಷೆಯಲ್ಲಿ ಬರೆಯುತ್ತೀರೋ ಅದರಲ್ಲೇ ಬರೆಯಿರಿ, ನಾಲ್ಕು ಸಾಲು ದಾಟಬಾರದು.

‘ಸರ್, ಇವತ್ತು ಮಾತಾಡಿದ್ದು: ಆರ್‌ಸಿಎಯಲ್ಲಿ ಪರಿಣಾಮ ಮೊದಲ ಮೂರು ಸಾಲಿನಲ್ಲಿ ಬರಬೇಕು. ಖಚಿತವಾಗದ ಕಾರಣ ಕ್ಲೈಂಟ್ ಪ್ರತಿಯಲ್ಲಿ ಇರಬಾರದು. ಫೈಲ್ ಬಾರದ ಟಿಕೆಟ್‌ಗಳಲ್ಲಿ ಕಳಿಸುವ ತಂಡದಿಂದ ಉತ್ತರ ಬಂದ ಮೇಲೆಯೇ ಕ್ಲೋಸ್ ಮಾಡುತ್ತೇನೆ. ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ತಿಳಿಸಿ.’

ಇದಕ್ಕೆ ಉತ್ತರ ಬರದಿದ್ದರೂ ಚಿಂತೆ ಇಲ್ಲ. ಮಾತು ಗಾಳಿಗೆ ಹೋಗದೆ ತಾರೀಕಿನ ಜೊತೆ ಉಳಿಯಿತು. ‘ನೀನು ಹೇಳಿದ್ದನ್ನ ಕೇಳಲ್ಲ’ ಅಂತ ಮುಂದೆ ಯಾರಾದರೂ ಅಂದರೆ ನಿಮ್ಮ ಹತ್ತಿರ ಇದು ಇರುತ್ತದೆ.

ಆಮೇಲೆ ಅದನ್ನು ಮಾಡಿ, ಮಾಡಿದ್ದನ್ನು ಅವರ ಕಣ್ಣಿಗೆ ಬೀಳಿಸಿ. ಮುಂದಿನ ಆರ್‌ಸಿಎ ಕಳಿಸುವಾಗ ‘ಹೋದ ಸಲ ಹೇಳಿದ ಹಾಗೆ ಪರಿಣಾಮ ಮೇಲಿದೆ, ಈಗ ಸರಿಯಾಗಿದೆಯಾ?’ ಅಂತ ಒಂದು ಸಾಲು ಸಾಕು. ಹೇಳಿದ್ದು ಕೆಲಸಕ್ಕೆ ಬಂತು ಅಂತ ಕಂಡರೆ ಸುಮ್ಮನಿರುವವರೂ ಎರಡನೇ ಸಲ ಸ್ವಲ್ಪ ಬಾಯಿಬಿಡುತ್ತಾರೆ. ಮತ್ತೆ ಎರಡು ಪ್ರತಿಗಳನ್ನೂ ಹೋಲಿಸಿ. ಅವರು ಮುಟ್ಟಿದ ಜಾಗ ಕಡಿಮೆಯಾಗುತ್ತಾ ಬಂದರೆ ನಿಮ್ಮ ಕೆಲಸ ಅವರಿಗೆ ಬೇಕಾದ ಮಟ್ಟಕ್ಕೆ ಹತ್ತಿರವಾಗುತ್ತಿದೆ ಅಂತ ಅರ್ಥ. ಇದನ್ನು ಯಾರೂ ನಿಮಗೆ ಹೇಳಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ: ಅವರು ಓದದೆಯೇ ಮುಂದಕ್ಕೆ ಕಳಿಸಿರಬಹುದು. ನೀವು ಕಳಿಸಿದ ನಿಮಿಷದಲ್ಲೇ ಫಾರ್ವರ್ಡ್ ಆಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹದಿನೈದು ದಿನಕ್ಕೊಮ್ಮೆ ಒಂದು ಪ್ರಶ್ನೆ ಸಾಕು. ಪ್ರತಿ ಕೆಲಸಕ್ಕೂ ‘ಹೇಗಿದೆ ಸರ್’ ಅಂತ ಹೋದರೆ ಕೆಲಸಕ್ಕಿಂತ ಸಮಾಧಾನ ಬೇಕಾಗಿದೆ ಅಂತ ಅವರಿಗೆ ಕಾಣುತ್ತದೆ, ಉತ್ತರವೂ ಹಾಗೇ ತೇಲಿಸಿದ್ದು ಬರುತ್ತದೆ.

ಮ್ಯಾನೇಜರ್ ಒಬ್ಬರೇ ಅಲ್ಲ

ನಿಮ್ಮ ಕೆಲಸವನ್ನು ದಿನಾ ಕೈಗೆತ್ತಿಕೊಳ್ಳುವವರು ಬೇರೆ ಇರುತ್ತಾರೆ. ಸಪೋರ್ಟ್ ಟೀಮಿನಲ್ಲಿ ನಿಮ್ಮ ನಂತರದ ಶಿಫ್ಟ್‌ಗೆ ಬರುವವರು. ಅವರನ್ನು ಕೇಳಿ, ‘ನನ್ನ ಹ್ಯಾಂಡೋವರ್ ನೋಟ್ ಓದಿದ ಮೇಲೆ ನಂಗೆ ಫೋನ್ ಮಾಡಿ ಕೇಳಬೇಕಾಗಿ ಬಂದದ್ದು ಏನು?’ ಅವರಿಗೆ ಅಪ್ರೈಸಲ್ ಹೊರೆ ಇಲ್ಲ, ಸಿಟ್ಟಿದ್ದರೂ ಹೇಳುತ್ತಾರೆ. ಮ್ಯಾನೇಜರ್‌ಗಿಂತ ಇವರ ಮಾತು ಎಷ್ಟೋ ಸಲ ಹೆಚ್ಚು ಖಚಿತವಾಗಿರುತ್ತದೆ, ಯಾಕಂದ್ರೆ ನಿಮ್ಮ ತಪ್ಪಿನ ಫಲ ಉಣ್ಣುವವರು ಅವರೇ. ಕ್ಲೈಂಟ್ ಕಡೆಯವರು ಮೇಲ್‌ನಲ್ಲಿ ಒಳ್ಳೆಯ ಮಾತು ಬರೆದರೆ ಒಂದು ಫೋಲ್ಡರ್ ಮಾಡಿ ಹಾಕಿಡಿ. ಆದರೆ ರೇಟಿಂಗ್ ಬರೆಯುವವರು ಮ್ಯಾನೇಜರ್, ಹಾಗಾಗಿ ಇವರ ಅಭಿಪ್ರಾಯ ಅವರದ್ದಕ್ಕೆ ಬದಲಿ ಆಗುವುದಿಲ್ಲ.

ರೇಟಿಂಗ್ ಬಗ್ಗೆ ಕೇಳುವ ದಿನ

ಏಪ್ರಿಲ್‌ನಿಂದ ಮಾರ್ಚ್ ವರ್ಷ ಇರುವ ಕಂಪನಿಯಲ್ಲಿ ಇದಕ್ಕೆ ಸರಿಯಾದ ಕಾಲ ಅಕ್ಟೋಬರ್, ನವೆಂಬರ್. ಫೆಬ್ರವರಿ ಬಂತು ಅಂದರೆ ಮ್ಯಾನೇಜರ್‌ಗಳ ತಲೆಯಲ್ಲಿ ಪಟ್ಟಿ ಆಗಲೇ ಸುಮಾರಾಗಿ ತಯಾರಾಗಿರುತ್ತದೆ, ಆಗ ನೀವು ಕೇಳಿದರೆ ಉತ್ತರ ಸಿಕ್ಕರೂ ಬದಲಾಯಿಸೋಕೆ ಸಮಯ ಇರಲ್ಲ. ನಿಮ್ಮದು ಜನವರಿಯಿಂದ ಡಿಸೆಂಬರ್ ಆದರೆ ಜೂನ್, ಜುಲೈನಲ್ಲಿ ಕೇಳಿ.

ಹೋಗುವ ಮುಂಚೆ ಅರ್ಧ ಪುಟ ನೀವೇ ಬರೆದುಕೊಂಡು ಹೋಗಿ. ವರ್ಷದ ಶುರುವಿನಲ್ಲಿ ಸಿಸ್ಟಮ್‌ನಲ್ಲಿ ಹಾಕಿದ ಗೋಲ್‌ಗಳನ್ನು ತೆರೆಯಿರಿ, ಜಾಸ್ತಿ ಜನ ಅವನ್ನು ಮರೆತೇ ಬಿಟ್ಟಿರುತ್ತಾರೆ. ಪ್ರತಿಯೊಂದರ ಎದುರು ನೀವು ಮಾಡಿದ್ದು, ಅದಕ್ಕೆ ದಾಖಲೆ, ನಿಮ್ಮದೇ ಅಂದಾಜು, ಇಷ್ಟು ಬರೆಯಿರಿ. ನಮ್ಮ ಹುಡುಗಿ ಟಿಕೆಟ್ ಗೋಲ್ ಎದುರು ‘ಸಮಯದೊಳಗೆ ಮುಗಿದಿವೆ. ಫೈಲ್ ಟಿಕೆಟ್‌ಗಳು ವಾಪಸ್ ಬರುತ್ತಿದ್ದವು, ಕ್ಲೋಸ್ ಮಾಡುವ ರೀತಿ ಬದಲಾಯಿಸಿದ ಮೇಲೆ ಕಡಿಮೆಯಾಗಿವೆ’ ಅಂತ ಬರೆದಳು. ಹುಳುಕು ಮುಚ್ಚಿಲ್ಲ, ಹಾಗಂತ ತನ್ನನ್ನು ತಾನು ಹಳಿದುಕೊಂಡೂ ಇಲ್ಲ. ಹೀಗೆ ನಿಮ್ಮ ಅಂದಾಜು ಮುಂದಿಟ್ಟರೆ ಮ್ಯಾನೇಜರ್‌ಗೆ ಶೂನ್ಯದಿಂದ ಹೇಳಬೇಕಾಗಿಲ್ಲ, ಒಪ್ಪಬೇಕು ಇಲ್ಲ ತಿದ್ದಬೇಕು, ಅಷ್ಟೇ. ತಿದ್ದೋದು ಅವರಿಗೆ ಅಭ್ಯಾಸ ಇದೆ.

ಆಮೇಲೆ ಕೇಳಿ: ‘ಸರ್, ಕೊನೆಯ ರೇಟಿಂಗ್ ನಿಮ್ಮೊಬ್ಬರ ಕೈಯಲ್ಲಿಲ್ಲ ಅಂತ ಗೊತ್ತು. ಇವತ್ತಿಗೇ ವರ್ಷ ಮುಗಿದಿದ್ದರೆ ನಿಮ್ಮ ಕಡೆಯಿಂದ ನನ್ನನ್ನ ಎಲ್ಲಿ ಇಡ್ತಿದ್ರಿ? ಅದರ ಮೇಲಿನ ಮೆಟ್ಟಿಲಿಗೆ ಏನು ಕಮ್ಮಿ ಇದೆ?’ ಮೊದಲ ವಾಕ್ಯವನ್ನು ಬಿಡಬೇಡಿ. ಅವರ ಭಯ ಏನು ಅಂತ ನಿಮಗೆ ಗೊತ್ತು, ಅವರು ಹೇಳಿದ್ದನ್ನು ಮಾತು ಕೊಟ್ಟಂತೆ ಹಿಡಿಯಲ್ಲ ಅಂತ ಅದರಿಂದ ತಿಳಿಯುತ್ತದೆ. ಅದೇ ಕಾರಣಕ್ಕೆ, ಅವರು ‘ನಾಲ್ಕು ಬರಬಹುದು’ ಅಂದರೆ ಅದನ್ನು ನಾಲ್ಕು ಅಂತ ಮನೆಗೆ ಹೇಳಿಬಿಡಬೇಡಿ. ನಾರ್ಮಲೈಸೇಷನ್‌ನಲ್ಲಿ ಅದು ನಿಲ್ಲುತ್ತದೆ ಅಂತ ಅವರೂ ಹೇಳಲಾರರು. ನಿಮಗೆ ನಿಜವಾಗಿ ಬೇಕಾದದ್ದು ಎರಡನೇ ಪ್ರಶ್ನೆಯ ಉತ್ತರ.

ಇಷ್ಟು ಮಾಡಿದರೂ ಬಾಯಿ ಬಿಡದಿದ್ದರೆ

ಎರಡು ಮೂರು ತಿಂಗಳು ಹೀಗೆ ಕೇಳಿಯೂ ಏನೂ ಸಿಗದಿದ್ದರೆ ನೇರವಾಗಿ ಒಂದು ಸಲ ಹೇಳಿ. ‘ಸರ್, ನನ್ನ ಕೆಲಸ ಸರಿ ಹೋಗ್ತಿದೆಯಾ ಇಲ್ವಾ ಅಂತ ನನಗೆ ತಿಳೀತಿಲ್ಲ. ತಿಂಗಳಿಗೆ ಹದಿನೈದು ನಿಮಿಷ ಇದಕ್ಕೆ ಕೊಡ್ತೀರಾ? ಯಾವುದರ ಬಗ್ಗೆ ಅಂತ ನಾನೇ ಬರೆದು ತರ್ತೀನಿ.’ ಕ್ಯಾಲೆಂಡರ್‌ನಲ್ಲಿ ಇನ್ವೈಟ್ ನೀವೇ ಹಾಕಿ, ಅವರು ಹಾಕಲಿ ಅಂತ ಬಿಟ್ಟರೆ ಅದು ಆಗಲ್ಲ.

ಅದೂ ನಡೆಯದಿದ್ದರೆ ಅವರ ಮೇಲಿನವರ ಜೊತೆ ಮಾತಾಡಬಹುದು. ಎಷ್ಟೋ ಕಂಪನಿಗಳಲ್ಲಿ ಸ್ಕಿಪ್ ಲೆವೆಲ್ ಮೀಟಿಂಗ್ ಅಂತಲೇ ಇರುತ್ತದೆ, ಅದರಲ್ಲಿ ಮಾಡಿದರೆ ದೂರು ಒಯ್ದಂತೆ ಕಾಣಲ್ಲ. ಅಲ್ಲಿ ‘ನಮ್ಮ ಮ್ಯಾನೇಜರ್ ಏನೂ ಹೇಳಲ್ಲ’ ಅಂತ ಶುರುಮಾಡಬೇಡಿ, ಆ ಮಾತು ಸಂಜೆಯೊಳಗೆ ಅವರ ಕಿವಿಗೆ ಬೀಳುತ್ತದೆ. ‘ಈ ಹುದ್ದೆಯಲ್ಲಿ ಮುಂದಿನ ಮಟ್ಟಕ್ಕೆ ಹೋದವರು ಏನು ಬೇರೆ ಥರ ಮಾಡಿದರು, ನನ್ನ ಕೆಲಸದಲ್ಲಿ ನಿಮಗೆ ಕಂಡದ್ದೇನು’ ಅಂತ ಕೇಳಿ.

ಎರಡು ಸಂದರ್ಭದಲ್ಲಿ ಮಾತ್ರ ಇಷ್ಟು ನಿಧಾನ ಬೇಡ. ಪ್ರೊಬೇಷನ್‌ನಲ್ಲಿದ್ದರೆ ಇವತ್ತೇ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಮೂರು ವಿಷಯ ನೋಡಿ. ಅವಧಿ ಯಾವತ್ತು ಮುಗಿಯುತ್ತದೆ, ಕನ್ಫರ್ಮೇಷನ್ ಪತ್ರ ಕೊಡುತ್ತಾರಾ ಅಥವಾ ತಾನಾಗಿ ಆಗುತ್ತದಾ, ಅವಧಿ ಮುಂದೂಡುವ ಹಕ್ಕು ಕಂಪನಿಗೆ ಇದೆಯಾ. ಕಂಪನಿಯಿಂದ ಕಂಪನಿಗೆ ಇದು ಬೇರೆ ಇರುತ್ತದೆ, ಸ್ನೇಹಿತರ ಮಾತು ನಂಬಬೇಡಿ. ಮುಗಿಯುವ ತಾರೀಕಿಗೆ ಎರಡು ತಿಂಗಳು ಮುಂಚೆಯೇ ಮ್ಯಾನೇಜರ್‌ಗೆ ಮೇಲ್ ಮಾಡಿ, ಕನ್ಫರ್ಮ್ ಆಗಲು ಏನಾದರೂ ಬಾಕಿ ಇದೆಯಾ ಅಂತ ಬರಹದಲ್ಲಿ ಕೇಳಿ.

ಇನ್ನೊಂದು, ಮೌನದ ಜೊತೆಗೆ ಕೆಲಸವೂ ಕಡಿಮೆಯಾಗುತ್ತಾ ಬಂದಾಗ. ನೀವು ನೋಡುತ್ತಿದ್ದ ಮಾಡ್ಯೂಲ್ ಹೇಳದೆ ಬೇರೆಯವರಿಗೆ ಹೋಯಿತು, ಕ್ಲೈಂಟ್ ಕಾಲ್‌ನ ಇನ್ವೈಟ್ ಬರುವುದು ನಿಂತಿತು, ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿಕೊಡು ಅಂದರು. ಇವುಗಳಲ್ಲಿ ಒಂದು ಆದರೆ ಪ್ರಾಜೆಕ್ಟ್ ಬದಲಾವಣೆ ಇರಬಹುದು. ಎರಡು ಮೂರು ಒಟ್ಟಿಗೆ ಬಂದರೆ ಆರ್‌ಸಿಎ ಬಗ್ಗೆ ಸಲಹೆ ಕೇಳುತ್ತಾ ಕೂರುವ ಹೊತ್ತು ಅದಲ್ಲ. ‘ನನ್ನ ಜವಾಬ್ದಾರಿ ಬದಲಾಗಿದೆ, ಕಾರಣ ಏನು, ಮುಂದಿನ ಮೂರು ತಿಂಗಳಿಗೆ ನನ್ನ ಕೆಲಸ ಏನು’ ಅಂತ ಅವತ್ತೇ ಕೇಳಿ, ಕೇಳಿದ್ದನ್ನು ಮೇಲ್‌ನಲ್ಲೂ ಹಾಕಿ. ಉತ್ತರ ಒಂದು ವಾರದಲ್ಲಿ ಬರದಿದ್ದರೆ ಅದೇ ಮೇಲ್‌ಗೆ ಎಚ್‌ಆರ್ ಅವರನ್ನೂ ಸೇರಿಸಿ ಮತ್ತೆ ಕಳಿಸಿ. ರೆಸ್ಯೂಮೆಯನ್ನೂ ಅದೇ ವಾರ ತೆಗೆದು ತಿದ್ದಲು ಶುರುಮಾಡಿ.